ಗೆಟ್, ಟೇಕ್, ಮೇಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಕ್ಷನರಿ ತೆಗೆದ್ರೆ ಗೆಟ್ ಒಂದಕ್ಕೇ ಪುಟಗಟ್ಟಲೆ ಅರ್ಥ ಇದೆ, ಎಲ್ಲಾನೂ ಬಾಯಿಪಾಠ ಮಾಡ್ಬೇಕಾ?

ಬೇಡ. ಮಾಡಿದ್ರೂ ಮಾತಾಡೋ ಹೊತ್ತಲ್ಲಿ ನೆನಪಿಗೆ ಬರಲ್ಲ. ಗೆಟ್, ಟೇಕ್, ಮೇಕ್ ಈ ಮೂರೂ ಒಂಟಿಯಾಗಿ ನಿಂತ್ರೆ ಹೆಚ್ಚೇನೂ ಹೇಳಲ್ಲ, ಅದರ ಮುಂದೆ ಯಾವ ಪದ ಬಂತು ಅನ್ನೋದ್ರ ಮೇಲೆ ಅರ್ಥ ಗಟ್ಟಿ ಆಗುತ್ತೆ. ನಮ್ಮ "ಹೊಡಿ" ನೋಡಿ, ಗೋಡೆಗೆ ಬಣ್ಣ ಹೊಡೀತೀವಿ, ಕೂತು ಹರಟೆ ಹೊಡೀತೀವಿ, ಮಧ್ಯಾಹ್ನ ನಿದ್ದೆ ಹೊಡೀತೀವಿ, ಗಂಟೆ ಹತ್ತು ಹೊಡೀತು ಅಂತೀವಿ, ಇದ್ರಲ್ಲಿ ಎಲ್ಲೂ ಯಾರಿಗೂ ಏಟು ಬೀಳಲ್ಲ, ಆದ್ರೂ ಯಾರೂ ಕನ್ಫ್ಯೂಸ್ ಆಗಲ್ಲ. ಯಾಕಂದ್ರೆ "ಹೊಡಿ"ನ ನಾವು ಬಿಡಿಯಾಗಿ ಕಲಿತಿಲ್ಲ, "ಹರಟೆ ಹೊಡಿ" ಅಂತ ಜೋಡಿಯಾಗೇ ಕಲಿತಿದ್ದೀವಿ. ಇಂಗ್ಲಿಷಲ್ಲೂ ಅಷ್ಟೇ, ಗೆಟ್ ಅಂತ ಬರ್ಕೊಳ್ಬೇಡಿ, "ಗೆಟ್ ಬೆಟರ್" ಅಂತ ಜೋಡಿ ಬರ್ಕೊಳ್ಳಿ, ಪಕ್ಕದಲ್ಲಿ "ಹುಷಾರಾಗು" ಅಂತ ಬರೀರಿ.

ಹಾಗಾದ್ರೆ ಗೆಟ್ ಅಂದ್ರೆ "ಸಿಗು" ಅಂತನಾ ಅಥವಾ "ಆಗು" ಅಂತನಾ?

ಎರಡೂ ಹೌದು, ಯಾವುದು ಅಂತ ಮುಂದಿನ ಪದ ಹೇಳುತ್ತೆ.

ಮುಂದೆ ಒಂದು ವಸ್ತು ಬಂದ್ರೆ ಅದು ನಿಮ್ಮ ಕೈಗೆ ಬಂತು ಅಂತ ಅರ್ಥ. "ಐ ಗಾಟ್ ಎ ಲೆಟರ್" ಅಂದ್ರೆ ಪತ್ರ ಬಂತು, "ವೇರ್ ಡಿಡ್ ಯು ಗೆಟ್ ದಿಸ್ ಶರ್ಟ್" ಅಂದ್ರೆ ಈ ಶರ್ಟ್ ಎಲ್ಲಿ ತಗೊಂಡ್ರಿ, "ಗೆಟ್ ಮಿ ಸಮ್ ವಾಟರ್" ಅಂದ್ರೆ ಸ್ವಲ್ಪ ನೀರು ತಂದ್ಕೊಡು. ಕನ್ನಡದಲ್ಲಿ ಬರು, ತಗೊ, ತರು ಅಂತ ಮೂರು ಬೇರೆ ಬೇರೆ ಕ್ರಿಯಾಪದ ಆಯ್ತು, ಇಂಗ್ಲಿಷಿಗೆ ಮೂರೂ ಒಂದೇ.

ಮುಂದೆ ಗುಣ ಅಥವಾ ಸ್ಥಿತಿ ಹೇಳೋ ಪದ ಬಂದ್ರೆ ಅದು ನಮ್ಮ "ಆಗು". "ಇಟ್ಸ್ ಗೆಟಿಂಗ್ ಡಾರ್ಕ್", ಕತ್ತಲಾಗ್ತಾ ಇದೆ. "ಐ ಗಾಟ್ ಟಯರ್ಡ್", ಸುಸ್ತಾಯ್ತು. "ದೇ ಗಾಟ್ ಮ್ಯಾರೀಡ್", ಮದುವೆ ಆದ್ರು. ಇಲ್ಲಿ ಒಂದು ವ್ಯತ್ಯಾಸ ಸರಿಯಾಗಿ ನೋಡ್ಕೊಳ್ಳಿ, "ದೇ ಆರ್ ಮ್ಯಾರೀಡ್" ಅಂದ್ರೆ ಈಗ ಅವರು ಮದುವೆ ಆಗಿರೋರು, ಅದು ಇರೋ ಸ್ಥಿತಿ. "ದೇ ಗಾಟ್ ಮ್ಯಾರೀಡ್" ಅಂದ್ರೆ ಮದುವೆ ಅನ್ನೋ ಘಟನೆ ನಡೀತು. ಹಾಗಾಗಿ "ಲಾಸ್ಟ್ ಇಯರ್" ಅಂತ ಕಾಲ ಹೇಳ್ಬೇಕಾದ್ರೆ ಗಾಟ್ ಬೇಕು. "ಇದೆ"ಗೂ "ಆಯ್ತು"ಗೂ ಇರೋ ವ್ಯತ್ಯಾಸವೇ ಇದು, ನಮಗೆ ಹೊಸದೇನಲ್ಲ.

ಮುಂದೆ ಜಾಗ ಬಂದ್ರೆ ತಲುಪೋದು. "ವಿ ಗಾಟ್ ಟು ದಿ ಸ್ಟೇಷನ್ ಅಟ್ ಸಿಕ್ಸ್", ಆರಕ್ಕೆ ಸ್ಟೇಷನ್ ತಲುಪಿದ್ವಿ. ಆದ್ರೆ ಹೋಮ್, ಹಿಯರ್, ದೇರ್ ಈ ಮೂರರ ಹಿಂದೆ "ಟು" ಹಾಕ್ಬಾರ್ದು, "ಐ ಗಾಟ್ ಹೋಮ್ ಲೇಟ್" ಅಷ್ಟೇ ಸಾಕು.

ಇನ್ನು "ಐ ಡೋಂಟ್ ಗೆಟ್ ಇಟ್" ಅಂದ್ರೆ ನಂಗೆ ಸಿಗ್ತಾ ಇಲ್ಲ ಅಂತಲ್ಲ, ಅರ್ಥ ಆಗ್ತಿಲ್ಲ ಅಂತ. "ಗಾಟ್ ಇಟ್" ಅಂದ್ರೆ ಗೊತ್ತಾಯ್ತು.

"ಐ ಆಮ್ ಗೆಟಿಂಗ್ ಬೋರ್" ಅನ್ನೋದು ತಪ್ಪಾ? ಎಲ್ಲರೂ ಹೇಳ್ತಾರಲ್ಲ?

ತಪ್ಪು. ಸರಿಯಾದ್ದು "ಐ ಆಮ್ ಗೆಟಿಂಗ್ ಬೋರ್ಡ್", ಕೊನೇಲಿ ಆ "ಡ್" ಬರ್ಲೇಬೇಕು. ಇದನ್ನ ತಿದ್ಕೊಳ್ಳೋಕೆ ಹೋಗಿ ಕೆಲವರು "ಐ ಆಮ್ ಗೆಟಿಂಗ್ ಬೋರಿಂಗ್" ಅಂತಾರೆ, ಅದು ಇನ್ನೂ ಕಷ್ಟ, ಯಾಕಂದ್ರೆ ಅದರ ಅರ್ಥ "ನಾನು ಬರ್ತಾ ಬರ್ತಾ ಬೇರೆಯವರಿಗೆ ಬೋರ್ ಹೊಡಿಸೋ ಮನುಷ್ಯ ಆಗ್ತಾ ಇದ್ದೀನಿ" ಅಂತ. ಅನುಭವಿಸೋರಿಗೆ ಬೋರ್ಡ್, ಟಯರ್ಡ್, ಕನ್ಫ್ಯೂಸ್ಡ್. ಹಾಗೆ ಅನ್ನಿಸೋ ಹಾಗೆ ಮಾಡೋದಕ್ಕೆ ಬೋರಿಂಗ್, ಟಯರಿಂಗ್, ಕನ್ಫ್ಯೂಸಿಂಗ್.

ಜ್ವರದ್ದೂ ಇದೇ ಥರ ಕೇಳ್ತಾರೆ. "ಐ ಆಮ್ ಗೆಟಿಂಗ್ ಎ ಫೀವರ್" ಅಂದ್ರೆ ಜ್ವರ ಈಗಷ್ಟೇ ಶುರು ಆಗ್ತಾ ಇರೋ ಹಾಗಿದೆ ಅಂತ. ಎರಡು ದಿನದಿಂದ ಜ್ವರ ಇದ್ರೆ ಗೆಟಿಂಗ್ ಬೇಡ, "ಐ ಹ್ಯಾವ್ ಎ ಫೀವರ್" ಅನ್ನಿ.

"ಐ ಗಾಟ್ ಟು ಮೀಟ್ ಹರ್" ಅಂದ್ರೆ ಅವಳನ್ನ ಭೇಟಿ ಮಾಡ್ಬೇಕು ಅಂತ ತಾನೆ?

ಇಲ್ಲಿ ತುಂಬಾ ಜನ ಎಡವ್ತಾರೆ, ಅದಕ್ಕೆ ನಿಧಾನವಾಗಿ ನೋಡೋಣ. ಬರಹದಲ್ಲಿ ಸರಿಯಾಗಿ ತಗೊಂಡ್ರೆ "ಐ ಗಾಟ್ ಟು ಮೀಟ್ ಹರ್" ಅಂದ್ರೆ ಅವಳನ್ನ ಭೇಟಿ ಮಾಡೋ ಅವಕಾಶ ಸಿಕ್ತು, ಮುಗಿದುಹೋದ ಖುಷಿ ವಿಷಯ. "ಐವ್ ಗಾಟ್ ಟು ಮೀಟ್ ಹರ್" ಅಂದ್ರೆ ಭೇಟಿ ಮಾಡ್ಲೇಬೇಕು, ಇನ್ನೂ ಆಗಿಲ್ಲ. ಮಧ್ಯದ ಒಂದು ಸಣ್ಣ "ವ್" ಅರ್ಥಾನೇ ತಿರುಗಿಸಿಬಿಡುತ್ತೆ.

ತೊಂದರೆ ಏನಂದ್ರೆ ಫಾಸ್ಟಾಗಿ ಮಾತಾಡೋವಾಗ ಆ "ವ್" ಕೇಳಿಸೋದೇ ಇಲ್ಲ, ಎಷ್ಟೋ ಜನ ಅದನ್ನ ನುಂಗೇಬಿಡ್ತಾರೆ. ಆಗ ಹೇಗೆ ಕಂಡುಹಿಡಿಯೋದು? ಒಂದು, ಉಚ್ಚಾರಣೆ. "ಗಾಟಾ" ಅಂತ ಒಂದೇ ಪದದ ಥರ ಅಂಟಿಸಿ ಹೇಳಿದ್ರೆ ಹೆಚ್ಚುಕಮ್ಮಿ ಯಾವಾಗ್ಲೂ "ಮಾಡ್ಲೇಬೇಕು" ಅಂತಾನೇ, "ಐ ಗಾಟಾ ಗೋ", ನಾನು ಹೊರಡ್ಬೇಕು. ಎರಡು, ವಾಕ್ಯದಲ್ಲಿರೋ ಕಾಲ. "ಯೆಸ್ಟರ್‌ಡೇ" ಇದ್ರೆ ಅವಕಾಶ ಸಿಕ್ತು, "ಟುಮಾರೊ" ಅಥವಾ "ನೌ" ಇದ್ರೆ ಬೇಕು. ಮೂರು, ಪ್ರಶ್ನೆ ಮಾಡಿ ನೋಡಿ. "ಡಿಡ್ ಯು ಗೆಟ್ ಟು ಸೀ ಹಿಮ್" ಅಂದ್ರೆ ಅವನನ್ನ ನೋಡೋಕೆ ಆಯ್ತಾ, "ಹ್ಯಾವ್ ಯು ಗಾಟ್ ಟು ಗೋ" ಅಂದ್ರೆ ಹೋಗ್ಲೇಬೇಕಾ.

ಅವಕಾಶದ ಈ "ಗೆಟ್ ಟು" ನಮ್ಮವರು ಬಳಸೋದೇ ಕಮ್ಮಿ, "ಐ ಗಾಟ್ ಚಾನ್ಸ್ ಟು" ಅಂತ ಸುತ್ತಿ ಬಳಸಿ ಹೇಳ್ತಾರೆ. ಇಲ್ಲ ಅನ್ನೋವಾಗಂತೂ ಇದು ತುಂಬಾ ಉಪಯೋಗಕ್ಕೆ ಬರುತ್ತೆ, "ಐ ಡಿಡಂಟ್ ಗೆಟ್ ಟು ಈಟ್", ತಿನ್ನೋಕೇ ಆಗ್ಲಿಲ್ಲ, ಟೈಮ್ ಸಿಗ್ಲಿಲ್ಲ ಅನ್ನೋ ಭಾವ ಅದ್ರಲ್ಲೇ ಬಂತು.

"ಮಾಡಿಸ್ದೆ" ಅನ್ನೋಕೆ ಇಂಗ್ಲಿಷಲ್ಲಿ ಏನ್ ಹೇಳೋದು? ಮೇಡಾ ಗಾಟಾ?

ನನ್ನ ಪ್ರಕಾರ ಈ ಮೂರು ಪದಗಳ ವಿಷಯದಲ್ಲಿ ಕನ್ನಡದವರು ಕಲೀಲೇಬೇಕಾದ್ದು ಯಾವುದಾದ್ರೂ ಇದ್ರೆ ಇದೇ. ನಮಗೆ "ಇಸು" ಒಂದಿದ್ರೆ ಸಾಕು, ಮಾಡು ಮಾಡಿಸು, ತಿನ್ನು ತಿನ್ನಿಸು, ಬರಿ ಬರೆಸು, ಅವನಿಗೆ ಇಷ್ಟ ಇತ್ತೋ ಇಲ್ವೋ, ಬೈದು ಮಾಡಿಸಿದ್ರೋ ಪುಸಲಾಯಿಸಿ ಮಾಡಿಸಿದ್ರೋ, ಆ ಪದ ಹೇಳಲ್ಲ. ಇಂಗ್ಲಿಷ್ ಅದನ್ನ ಹೇಳಿಯೇ ತೀರುತ್ತೆ.

ಒಂದೇ ಸಂದರ್ಭ ತಗೊಳ್ಳೋಣ, ಮ್ಯಾನೇಜರ್ ಹತ್ರ ಒಂದು ಲೆಟರ್‌ಗೆ ಸೈನ್ ಹಾಕಿಸ್ಕೊಂಡ್ರಿ. "ಐ ಮೇಡ್ ಮೈ ಮ್ಯಾನೇಜರ್ ಸೈನ್ ದಿ ಲೆಟರ್" ಅಂದ್ರೆ ಕೇಳಿದವರು ಗಾಬರಿ ಆಗ್ತಾರೆ, ಯಾಕಂದ್ರೆ ಮನುಷ್ಯರ ಕೈಲಿ ಕೆಲಸ ಮಾಡಿಸಿದ್ರ ಬಗ್ಗೆ ಮೇಡ್ ಅಂದ್ರೆ ಅವರಿಗೆ ಬೇರೆ ದಾರಿ ಇರ್ಲಿಲ್ಲ, ಒತ್ತಾಯ ಇತ್ತು ಅಂತ. "ಐ ಗಾಟ್ ಮೈ ಮ್ಯಾನೇಜರ್ ಟು ಸೈನ್ ದಿ ಲೆಟರ್" ಅಂದ್ರೆ ಕೇಳಿ, ವಿವರಿಸಿ, ಸ್ವಲ್ಪ ಪ್ರಯತ್ನ ಪಟ್ಟು ಒಪ್ಪಿಸಿ ಹಾಕಿಸ್ಕೊಂಡೆ ಅಂತ. ನಿಮಗೆ ಬೇಕಾಗಿದ್ದು ಎರಡನೇದು.

ವಾಕ್ಯ ಕಟ್ಟೋದ್ರಲ್ಲೂ ವ್ಯತ್ಯಾಸ ಇದೆ, ಗೆಟ್ ಬಂದ್ರೆ "ಟು" ಬೇಕು, ಮೇಕ್ ಬಂದ್ರೆ "ಟು" ಬೇಡ. "ಹಿ ಮೇಡ್ ಮಿ ಟು ವೇಟ್" ಅನ್ನೋದು ನಾನು ದಿನಾ ಕೇಳೋ ತಪ್ಪು, "ಹಿ ಮೇಡ್ ಮಿ ವೇಟ್" ಅಂದ್ರೆ ಸಾಕು. ಆದ್ರೆ ವಾಕ್ಯ ತಿರುಗಿಸಿ "ನಮ್ಮನ್ನ ಕಾಯಿಸಿದ್ರು" ಅನ್ನೋದನ್ನ ಯಾರು ಅಂತ ಹೇಳದೆ ಹೇಳೋವಾಗ ಆ "ಟು" ವಾಪಸ್ ಬರುತ್ತೆ, "ವಿ ವರ್ ಮೇಡ್ ಟು ವೇಟ್". ಇದಕ್ಕೆ ಕಾರಣ ಹುಡುಕ್ತಾ ಕೂರ್ಬೇಡಿ, ಎರಡು ವಾಕ್ಯಾನೂ ಜೋರಾಗಿ ಹತ್ತು ಸಲ ಹೇಳಿ, ಕಿವಿಗೆ ಕೂತ್ಕೊಳ್ಳುತ್ತೆ.

ಇನ್ನೊಂದು, ಮೇಕ್ ಯಾವಾಗ್ಲೂ ಒತ್ತಾಯ ಅಂತ ತಿಳ್ಕೊಬೇಡಿ. ಮುಂದೆ ಬರೋದು ನಗು, ಅಳು, ಅನಿಸಿಕೆ ಥರದ್ದು ಆದ್ರೆ ಒತ್ತಾಯದ ಮಾತೇ ಇಲ್ಲ. "ಶಿ ಮೇಡ್ ಮಿ ಲಾಫ್", ನನ್ನನ್ನ ನಗಿಸಿದ್ಲು. "ದಿ ನ್ಯೂಸ್ ಮೇಡ್ ಹಿಮ್ ಸ್ಯಾಡ್", ಸುದ್ದಿ ಕೇಳಿ ಅವನಿಗೆ ಬೇಜಾರಾಯ್ತು. ತಾನಾಗೇ ಬರೋದಕ್ಕೆ ಯಾರೂ ಒಪ್ಪಿಸೋ ಅಗತ್ಯ ಇಲ್ಲ, ಅದಕ್ಕೇ ಇಲ್ಲಿ ಮೇಕ್ ತೀರಾ ಸಹಜ.

"ಐ ಕಟ್ ಮೈ ಹೇರ್" ಅಂದಿದ್ದಕ್ಕೆ "ನೀನೇ ಕಟ್ ಮಾಡ್ಕೊಂಡ್ಯಾ?" ಅಂತ ಕೇಳಿದ್ರು. ಯಾಕೆ?

ಯಾಕಂದ್ರೆ ನೀವು ಹೇಳಿದ್ದು ಅದೇ. ಬೇರೆಯವರ ಕೈಲಿ ಒಂದು ಕೆಲಸ ಆಗಿದ್ರೆ, ಮಾಡಿದವರು ಯಾರು ಅನ್ನೋದು ಮುಖ್ಯ ಅಲ್ಲದಿದ್ರೆ, ವಸ್ತುವನ್ನ ಮೊದಲು ಹೇಳಿ ಆಮೇಲೆ ಆದ ಕೆಲಸ ಹೇಳ್ಬೇಕು. "ಐ ಗಾಟ್ ಮೈ ಹೇರ್ ಕಟ್", "ಐ ಗಾಟ್ ದಿ ಫೋನ್ ರಿಪೇರ್ಡ್", "ಐ ನೀಡ್ ಟು ಗೆಟ್ ದಿಸ್ ಪ್ರಿಂಟೆಡ್". ಇಲ್ಲಿ "ಟು ರಿಪೇರ್" ಅಂತ ಬರಲ್ಲ, ಫೋನ್ ಯಾರನ್ನೂ ರಿಪೇರ್ ಮಾಡ್ತಾ ಇಲ್ಲ, ಅದು ರಿಪೇರಿ ಆಗ್ತಾ ಇದೆ. ಗೆಟ್ ಮುಂದೆ ಮನುಷ್ಯ ಇದ್ರೆ "ಟು", ಕೆಲಸ ಮಾಡಿಸ್ಕೊಳ್ಳೋ ವಸ್ತು ಇದ್ರೆ ಆದ ಕೆಲಸದ ರೂಪ, ಇಷ್ಟೇ ನೋಡ್ಕೊಂಡ್ರೆ ಮುಕ್ಕಾಲು ಪಾಲು ಸರಿ ಹೋಗುತ್ತೆ.

ಉಳಿದ ಕಾಲು ಪಾಲಲ್ಲಿ ಎರಡು ವಿಷಯ ಇದೆ. "ಐ ಗಾಟ್ ಮೈ ಫಿಂಗರ್ ಕಾಟ್ ಇನ್ ದಿ ಡೋರ್" ಅಂದ್ರೆ ಬಾಗಿಲಲ್ಲಿ ಬೆರಳು ಸಿಕ್ಕಿಹಾಕ್ಕೊಳ್ತು, ಅದನ್ನ ಯಾರೂ ಬೇಕು ಅಂತ ಮಾಡಿಸ್ಕೊಂಡಿದ್ದಲ್ಲ, ರಚನೆ ಮಾತ್ರ ಅದೇ. ಮತ್ತೆ "ಐ ಗಾಟ್ ದಿ ವರ್ಕ್ ಡನ್" ಅಂದ್ರೆ ನಾನೇ ಮಾಡಿ ಮುಗಿಸಿದೆ ಅಂತಾನೂ ಆಗ್ಬಹುದು. ಹಿಂದೆ ಮುಂದೆ ಏನ್ ಮಾತಾಡ್ತಿದ್ರು ನೋಡಿ ತಿಳ್ಕೊಬೇಕು.

ಟೇಕ್ ಅಂದ್ರೆ ತಗೊ. ಟೈಮ್ ಜೊತೆ ಯಾಕೆ ಬರುತ್ತೆ?

ಒಂದು ಕೆಲಸ ನಮ್ಮಿಂದ ಏನನ್ನ ಬೇಡುತ್ತೋ ಅದನ್ನ ಹೇಳೋಕೆ ಇಂಗ್ಲಿಷಲ್ಲಿ ಟೇಕ್ ಬಳಸ್ತಾರೆ, ಕನ್ನಡದಲ್ಲಿ ಟೈಮ್ ಹಿಡಿಯುತ್ತೆ ಅಂತೀವಲ್ಲ ಹಾಗೆ. ಕಟ್ಟೋ ಕ್ರಮ ಹೀಗೆ, ಇಟ್ ಟೇಕ್ಸ್, ಆಮೇಲೆ ಯಾರಿಗೆ, ಆಮೇಲೆ ಎಷ್ಟು ಹೊತ್ತು, ಕೊನೆಗೆ ಟು ಜೊತೆ ಕೆಲಸ. "ಇಟ್ ಟೇಕ್ಸ್ ಮಿ ಆನ್ ಅವರ್ ಟು ಗೆಟ್ ಟು ವರ್ಕ್", ಕೆಲಸಕ್ಕೆ ಹೋಗೋಕೆ ನಂಗೆ ಒಂದ್ ಗಂಟೆ ಹಿಡಿಯುತ್ತೆ. "ನಂಗೆ" ಇದೆ ಅಂತ "ಟು ಮಿ" ಅಥವಾ "ಫಾರ್ ಮಿ" ಅಂತ ಸೇರಿಸ್ಬೇಡಿ, ಬರೀ "ಮಿ" ಸಾಕು. ಟೈಮ್ ಮಾತ್ರ ಅಲ್ಲ, "ಇಟ್ ಟೇಕ್ಸ್ ಪೇಷನ್ಸ್" ಅಂತಾರೆ, ತಾಳ್ಮೆ ಬೇಕು.

ಇದಕ್ಕೊಂದು ಮಿತಿ ಇದೆ. ನೀವು ಮಾಡಿ ಮುಗಿಸೋ ಕೆಲಸಕ್ಕೆ ಟೇಕ್, ತಾನಾಗಿ ನಡೆದು ಮುಗಿಯೋದಕ್ಕೆ ಲಾಸ್ಟ್. ಮೀಟಿಂಗ್ ಮೂರು ಗಂಟೆ ನಡೀತು ಅನ್ನೋಕೆ "ದಿ ಮೀಟಿಂಗ್ ಲಾಸ್ಟೆಡ್ ಥ್ರೀ ಅವರ್ಸ್" ಅನ್ನೋದೇ ಸಹಜ. "ದಿ ರಿಪೋರ್ಟ್ ಟುಕ್ ಥ್ರೀ ಅವರ್ಸ್" ಅಂದ್ರೆ ಆ ರಿಪೋರ್ಟ್ ಬರೆಯೋಕೆ ಅಷ್ಟು ಹೊತ್ತು ಹಿಡೀತು.

ಟೇಕ್, ಬ್ರಿಂಗ್, ಗೆಟ್, ಮೂರರಲ್ಲೂ ವಸ್ತು ಕೈಲೇ ಇರುತ್ತಲ್ಲ, ವ್ಯತ್ಯಾಸ ಏನು?

ದಿಕ್ಕು. ಮಾತಾಡ್ತಾ ಇರೋ ಜಾಗದಿಂದ ಆಚೆಗೆ ತಗೊಂಡು ಹೋದ್ರೆ ಟೇಕ್, ಇತ್ತ ಕಡೆಗೆ ತಗೊಂಡು ಬಂದ್ರೆ ಬ್ರಿಂಗ್, ಹೋಗಿ ತಗೊಂಡು ವಾಪಸ್ ಬರೋದಾದ್ರೆ ಗೆಟ್. "ಟೇಕ್ ಆನ್ ಅಂಬ್ರೆಲಾ" ಅಂದ್ರೆ ಹೋಗೋವಾಗ ಕೊಡೆ ತಗೊಂಡು ಹೋಗು. "ಗೆಟ್ ದಿ ಅಂಬ್ರೆಲಾ" ಅಂದ್ರೆ ಒಳಗಡೆಯಿಂದ ಕೊಡೆ ತಗೊಂಡು ಬಾ. ಫೋನಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು, ನೀವು ಎದುರಿನವರ ಮನೆಗೆ ಹೋಗ್ತಾ ಇದ್ದು ಏನಾದ್ರೂ ತರ್ಲಾ ಅಂತ ಕೇಳೋವಾಗ ಅವರ ಕಡೆಯಿಂದ ಯೋಚನೆ ಮಾಡಿ "ಶಲ್ ಐ ಬ್ರಿಂಗ್ ಸಮ್‌ಥಿಂಗ್" ಅಂತಾನೇ ಹೇಳ್ಬೇಕು, ಕನ್ನಡದಲ್ಲೂ ನಾವು "ತರ್ಲಾ" ಅಂತಾನೇ ಕೇಳೋದು.

ಮೇಕ್ ಅಂದ್ರೂ ಮಾಡು, ಡು ಅಂದ್ರೂ ಮಾಡು. ಯಾವಾಗ ಯಾವ್ದು?

ಮಾಡಿ ಮುಗಿದ ಮೇಲೆ ಮೊದಲು ಇಲ್ಲದೇ ಇದ್ದ ಒಂದು ಹೊಸದು ಉಳಿಯುತ್ತಾ ನೋಡಿ. ಉಳಿದ್ರೆ ಮೇಕ್. ಟೀ ಮಾಡಿದ್ರೆ ಟೀ ಇರುತ್ತೆ, "ಮೇಕ್ ಟೀ". ತಪ್ಪು ಮಾಡಿದ್ರೆ ತಪ್ಪು ಉಳಿಯುತ್ತೆ, "ಮೇಕ್ ಎ ಮಿಸ್ಟೇಕ್". ಲಿಸ್ಟ್, ಪ್ಲಾನ್, ಸದ್ದು, ಮಾತು ಕೊಡೋದು, ಎಲ್ಲಾ ಮೇಕ್. ಮೊದಲೇ ಇರೋ ಕೆಲಸವನ್ನ ಮಾಡಿ ಮುಗಿಸೋದಾದ್ರೆ ಡು. "ಡು ದಿ ಹೋಮ್‌ವರ್ಕ್", "ಡು ದಿ ಡಿಷಸ್". "ಐ ಮೇಡ್ ಮೈ ಹೋಮ್‌ವರ್ಕ್" ಅಂದ್ರೆ ಹೋಮ್‌ವರ್ಕ್ ನೀವೇ ತಯಾರು ಮಾಡಿದ ಹಾಗೆ ಕೇಳಿಸುತ್ತೆ.

ಇದು ಎಲ್ಲಾ ಕಡೆ ನಡೆಯಲ್ಲ, ಅದನ್ನೂ ಹೇಳ್ಬಿಡ್ತೀನಿ. ಯಾರಿಗಾದ್ರೂ ಸಹಾಯ ಮಾಡೋದು "ಡು ಎ ಫೇವರ್", ಅಲ್ಲಿ ಮೇಕ್ ಬರಲ್ಲ. "ಮೇಕ್ ದಿ ಬೆಡ್" ಅಂದ್ರೆ ಮಂಚ ತಯಾರಿಸೋದಲ್ಲ, ಎದ್ದ ಮೇಲೆ ಹಾಸಿಗೆ ಸರಿ ಮಾಡಿ ಹೊದಿಕೆ ನೀಟಾಗಿ ಇಡೋದು. ಫೋನ್ ಮಾಡೋದು "ಮೇಕ್ ಎ ಕಾಲ್". ಫೋಟೊ ಮಾತ್ರ ಟೇಕ್, ನಾವೂ ಫೋಟೊ ತೆಗೀತೀವಿ ಅಂತೀವಿ, ಹಾಗಾಗಿ ಅದು ಯಾರಿಗೂ ತಪ್ಪಲ್ಲ. ಸ್ನಾನ, ಬ್ರೇಕ್, ರಿಸ್ಕ್, ನೋಟ್ಸ್, ಮಾತ್ರೆ, ಬಸ್ಸು, ಎಲ್ಲಾ ಟೇಕ್. ಊಟಕ್ಕೆ ಮಾತ್ರ "ಟೇಕ್ ಲಂಚ್" ಅನ್ನೋದಕ್ಕಿಂತ "ಹ್ಯಾವ್ ಲಂಚ್" ಅಂದ್ರೆ ಚೆನ್ನಾಗಿರುತ್ತೆ.

ಡಿಸಿಷನ್‌ಗೆ ಮೇಕಾ ಟೇಕಾ?

ಎರಡೂ ನಡೆಯುತ್ತೆ. "ಮೇಕ್ ಎ ಡಿಸಿಷನ್" ಎಲ್ಲಾ ಕಡೆ ಓಡುತ್ತೆ, "ಟೇಕ್ ಎ ಡಿಸಿಷನ್" ಬ್ರಿಟಿಷ್ ಇಂಗ್ಲಿಷಲ್ಲಿ ಇದೆ, ಅಮೆರಿಕದವರು ಹೆಚ್ಚು ಹೇಳಲ್ಲ. ಅನುಮಾನ ಬಂದ್ರೆ ಮೇಕ್ ಅನ್ನಿ.

"ಐ ಕಾಂಟ್ ಮೇಕ್ ಇಟ್" ಅಂತ ಮೆಸೇಜ್ ಬಂತು. ಏನನ್ನ ಮಾಡೋಕಾಗಲ್ಲ?

ಏನನ್ನೂ ಅಲ್ಲ, ಬರೋಕಾಗಲ್ಲ ಅಂತ. ಈ "ಮೇಕ್ ಇಟ್" ಅಲ್ಲಿ ಇಟ್ ಅನ್ನೋದು ಯಾವ ವಸ್ತುವನ್ನೂ ತೋರಿಸಲ್ಲ. ಇಡೀ ಜೋಡಿಗೆ ಇರೋ ಅರ್ಥ, ಮುಟ್ಟೋಕೆ ಕಷ್ಟ ಇರೋ ಜಾಗ ಅಥವಾ ಹಂತವನ್ನ ಮುಟ್ಟೋದು. ಹೇಳಿದ ಟೈಮಿಗೆ ಬರೋದು, "ಕ್ಯಾನ್ ಯು ಮೇಕ್ ಇಟ್ ಬೈ ಫೈವ್". ಇನ್ನೇನು ಬಿಟ್ಟುಹೋಗ್ತಿದ್ದ ಟ್ರೈನ್ ಸಿಗೋದು, "ವಿ ಜಸ್ಟ್ ಮೇಡ್ ಇಟ್". ಜೀವನದಲ್ಲಿ ಮೇಲೆ ಬರೋದು, "ಶಿ ಮೇಡ್ ಇಟ್ ಆಸ್ ಎ ಸಿಂಗರ್". ತೀರಾ ಹುಷಾರಿಲ್ಲದೇ ಇದ್ದವರು ಬದುಕಿ ಉಳಿಯೋದು, "ಹಿ ಡಿಡಂಟ್ ಮೇಕ್ ಇಟ್" ಅಂತ ಆಸ್ಪತ್ರೆಯಿಂದ ಬಂದ ಮಾತಾದ್ರೆ ಉಳೀಲಿಲ್ಲ ಅಂತ. ಅದಕ್ಕೇ ಇದನ್ನ ಸರಿಯಾಗಿ ತಿಳ್ಕೊಂಡಿರ್ಬೇಕು, ಪಾರ್ಟಿಗೆ ಬರ್ಲಿಲ್ಲ ಅನ್ನೋದಕ್ಕೂ ಇದೇ ವಾಕ್ಯ, ಅದಕ್ಕೂ ಇದೇ ವಾಕ್ಯ.

"ಟೇಕ್ ಆಫ್", "ಮೇಕ್ ಅಪ್", "ಗೆಟ್ ಓವರ್" ಇವುಗಳಲ್ಲಿ "ಇಟ್" ಎಲ್ಲಿ ಹಾಕೋದು?

ಎರಡು ಗುಂಪು ಇದೆ. ಟೇಕ್ ಆಫ್ ಅಂಥವು ಬಿಡಿಸಿದ್ರೆ ಬಿಟ್ಕೊಳ್ತವೆ, "ಟೇಕ್ ಆಫ್ ಯುವರ್ ಶೂಸ್" ಅನ್ಬಹುದು, "ಟೇಕ್ ಯುವರ್ ಶೂಸ್ ಆಫ್" ಅಂತಾನೂ ಅನ್ಬಹುದು. ಆದ್ರೆ ಶೂಸ್ ಬದಲು "ದೆಮ್" ಬಂದ ತಕ್ಷಣ ಆಯ್ಕೆ ಇಲ್ಲ, ಅದು ಮಧ್ಯದಲ್ಲೇ ಬರ್ಬೇಕು, "ಟೇಕ್ ದೆಮ್ ಆಫ್". "ಟೇಕ್ ಆಫ್ ದೆಮ್" ಅಂತ ಯಾರೂ ಅನ್ನಲ್ಲ. ಗೆಟ್ ಓವರ್ ಥರದ್ದು ಬಿಟ್ಕೊಳ್ಳಲ್ಲ, ಯಾವುದೋ ನೋವಿನಿಂದ ಚೇತರಿಸ್ಕೊಳ್ಳೋದಕ್ಕೆ "ಗೆಟ್ ಓವರ್ ಇಟ್" ಅಂತ ಕೊನೇಲೇ ಬರುತ್ತೆ. ತಂದೆ ತಾಯಿಯನ್ನ ಹೋಲೋದಕ್ಕೆ ಹೇಳೋ "ಟೇಕ್ ಆಫ್ಟರ್" ಕೂಡ ಹೀಗೇ, "ಶಿ ಟೇಕ್ಸ್ ಆಫ್ಟರ್ ಹರ್ ಮದರ್", ಮಗಳು ತಾಯಿ ಥರಾನೇ.

ಮೇಕ್ ಅಪ್ ಸ್ವಲ್ಪ ವಿಚಿತ್ರ, ಪಕ್ಕದ ಪದ ಬದಲಾದ ಹಾಗೆ ಬದಲಾಗುತ್ತೆ. "ಹಿ ಮೇಡ್ ಇಟ್ ಅಪ್" ಅಂದ್ರೆ ಇಲ್ಲದ್ದನ್ನ ಕಟ್ಟಿ ಹೇಳ್ದ. "ದೇ ಮೇಡ್ ಅಪ್" ಅಂದ್ರೆ ಜಗಳ ಆಡಿದವರು ರಾಜಿ ಆದ್ರು. "ಮೇಕ್ ಅಪ್ ಯುವರ್ ಮೈಂಡ್" ಅಂದ್ರೆ ಒಂದು ತೀರ್ಮಾನಕ್ಕೆ ಬಾ. "ಮೇಕ್ ಅಪ್ ಫಾರ್" ಅಂದ್ರೆ ಆದ ನಷ್ಟ ತುಂಬಿಕೊಡೋದು. "ಫಾರ್" ಇದ್ಯಾ, "ಮೈಂಡ್" ಇದ್ಯಾ, ಮಧ್ಯ "ಇಟ್" ಇದ್ಯಾ ಅಂತ ನೋಡಿದ್ರೆ ಗೊತ್ತಾಗಿಬಿಡುತ್ತೆ.

ಬಸ್ಸಿಂದ ಇಳಿಯೋದಕ್ಕೆ "ಗೆಟ್ ಡೌನ್" ಅನ್ಬಾರ್ದಾ?

ನಮ್ಮಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ಹೊರಗಿನವರಿಗೆ ಮಾತ್ರ ಬಸ್ಸಿನ ಮೇಲ್ಛಾವಣಿಯಿಂದ ಇಳಿಯೋ ಚಿತ್ರ ಬರ್ಬಹುದು, ಯಾಕಂದ್ರೆ ಅವರು ಗೆಟ್ ಡೌನ್ ಅನ್ನೋದು ಏಣಿ, ಮರ, ಕುದುರೆ ಇಂಥ ಎತ್ತರದಿಂದ ಇಳಿಯೋದಕ್ಕೆ. ಬಸ್ಸು, ಟ್ರೈನು, ವಿಮಾನ, ಒಳಗೆ ಎದ್ದು ಓಡಾಡೋ ಜಾಗ ಇರೋವಕ್ಕೆ ಗೆಟ್ ಆನ್, ಗೆಟ್ ಆಫ್. ಕಾರು, ಟ್ಯಾಕ್ಸಿಗೆ ಗೆಟ್ ಇನ್, ಗೆಟ್ ಔಟ್. ಬೈಕ್, ಸೈಕಲ್ ಮೇಲೆ ಕೂರ್ತೀವಿ, ಹಾಗಾಗಿ ಅದಕ್ಕೂ ಆನ್, ಆಫ್.

ಮೂರೂ ಒಟ್ಟಿಗೆ ಬಂದಿರೋ ಒಂದು ಮೆಸೇಜ್ ಬಿಡಿಸಿ ತೋರಿಸ್ತೀರಾ?

ತೋರಿಸ್ತೀನಿ. ಜೊತೆ ಕೆಲಸ ಮಾಡೋರು ಬೆಳಿಗ್ಗೆ ಕಳಿಸೋ ಥರದ ಮೆಸೇಜ್ ಇದು:

"ಸಾರಿ, ಕಾಂಟ್ ಮೇಕ್ ಇಟ್ ಟು ದಿ ಮೀಟಿಂಗ್. ಗಾಟಾ ಗೆಟ್ ಮೈ ಲ್ಯಾಪ್‌ಟಾಪ್ ಫಿಕ್ಸ್‌ಡ್, ಇಟ್ ಮೈಟ್ ಟೇಕ್ ಎ ವೈಲ್. ಕ್ಯಾನ್ ಯು ಗೆಟ್ ರವಿ ಟು ಟೇಕ್ ನೋಟ್ಸ್? ಐ'ಲ್ ಮೇಕ್ ಅಪ್ ಫಾರ್ ಇಟ್ ಟುಮಾರೊ."

ಮೊದಲನೇದು ಮೇಕ್ ಇಟ್, ಮೀಟಿಂಗಿಗೆ ಬರೋಕಾಗಲ್ಲ. ಆಮೇಲೆ "ಗಾಟಾ", ಅಂಟಿಸಿ ಬರೆದಿದ್ದಾರೆ, ಅಂದ್ರೆ "ಮಾಡ್ಲೇಬೇಕು". ಅದರ ಮುಂದೆ ಇನ್ನೊಂದು ಗೆಟ್, ಅದರ ಮುಂದೆ ಲ್ಯಾಪ್‌ಟಾಪ್ ಅನ್ನೋ ವಸ್ತು, ಅದರ ಮುಂದೆ ಫಿಕ್ಸ್‌ಡ್, ಹಾಗಾಗಿ ರಿಪೇರಿ ಮಾಡಿಸ್ಬೇಕು, ಮಾಡೋರು ಬೇರೆ ಯಾರೋ. "ಟೇಕ್ ಎ ವೈಲ್" ಟೈಮಿಂದು, ಸ್ವಲ್ಪ ಹೊತ್ತು ಹಿಡೀಬಹುದು. ಮುಂದಿನದ್ದು ಗಮನಿಸಿ, ಗೆಟ್ ಆದ್ಮೇಲೆ ಮನುಷ್ಯ, ಆಮೇಲೆ ಟು, ರವಿಗೆ ಹೇಳಿ ನೋಟ್ಸ್ ಬರೆಸ್ತೀರಾ ಅಂತ. ಇಲ್ಲಿ "ಮೇಕ್ ರವಿ ಟೇಕ್ ನೋಟ್ಸ್" ಅಂತ ಬರೆದಿದ್ರೆ ಅವನಿಗೆ ಇಷ್ಟ ಇಲ್ದಿದ್ರೂ ಬಿಡ್ಬೇಡಿ ಅನ್ನೋ ಧಾಟಿ ಬರ್ತಿತ್ತು, ರವಿ ಅದನ್ನ ಓದಿದ್ರೆ ಬೇಜಾರು ಮಾಡ್ಕೊಳ್ತಿದ್ದ. ಕೊನೇದು ಮೇಕ್ ಅಪ್ ಫಾರ್, ಇವತ್ತು ಬಿಟ್ಟಿದ್ದನ್ನ ನಾಳೆ ಸರಿತೂಗಿಸ್ತೀನಿ.

ಇದಕ್ಕೆ ಉತ್ತರ ಬರೆಯೋದಾದ್ರೆ "ನೋ ಪ್ರಾಬ್ಲಮ್, ಟೇಕ್ ಯುವರ್ ಟೈಮ್. ಐ'ಲ್ ಮೇಕ್ ಶೂರ್ ಯು ಗೆಟ್ ದಿ ನೋಟ್ಸ್" ಅಂತ ಬರೀಬಹುದು. ಅವಸರ ಬೇಡ, ನೋಟ್ಸ್ ನಿಮಗೆ ಸಿಗೋ ಹಾಗೆ ನೋಡ್ಕೊಳ್ತೀನಿ.

ಆಫೀಸ್ ಲೆಟರ್‌ನಲ್ಲಿ ಗೆಟ್ ಬರೆದ್ರೆ ತಪ್ಪಾಗುತ್ತಾ?

ತಪ್ಪಲ್ಲ, ಆದ್ರೆ ಸ್ವಲ್ಪ ಮಾತಿನ ಧಾಟಿ ಬರುತ್ತೆ. ಪರಿಚಯ ಇರೋರಿಗೆ ಇಮೇಲ್ ಆದ್ರೆ "ಐ ಗಾಟ್ ಯುವರ್ ಮೇಲ್" ಚೆನ್ನಾಗೇ ಇದೆ. ಅರ್ಜಿ, ದೂರು, ವರದಿ ಥರದ್ದಾದ್ರೆ ಬಂದಿದ್ದಕ್ಕೆ ರಿಸೀವ್ಡ್, ಪಡೆದಿದ್ದಕ್ಕೆ ಅಬ್ಟೇನ್ಡ್, ಆಗಿದ್ದಕ್ಕೆ ಬಿಕೇಮ್ ಅಂತ ಬದಲಾಯಿಸಿ. ಮೇಕ್, ಟೇಕ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ.

ಕೆಲವರು "ಗಾಟನ್" ಅಂತಾರಲ್ಲ, ಅದು ಸರಿನಾ?

ಅಮೆರಿಕದ ಇಂಗ್ಲಿಷಲ್ಲಿ ಸರಿ, ಬ್ರಿಟಿಷ್ ಇಂಗ್ಲಿಷಲ್ಲಿ ಸಾಮಾನ್ಯವಾಗಿ "ಗಾಟ್" ಅಂತಾನೇ ಬಳಸ್ತಾರೆ. ಅಮೆರಿಕದವರು ಎರಡನ್ನೂ ಇಟ್ಕೊಂಡು ಬೇರೆ ಬೇರೆ ಕೆಲಸ ಕೊಟ್ಟಿದ್ದಾರೆ, "ಐವ್ ಗಾಟ್ ಎ ಕಾರ್" ಅಂದ್ರೆ ನನ್ನ ಹತ್ರ ಕಾರಿದೆ, "ಐವ್ ಗಾಟನ್ ಎ ಕಾರ್" ಅಂದ್ರೆ ಕಾರು ತಗೊಂಡಿದ್ದೀನಿ. "ಇಟ್ಸ್ ಗಾಟನ್ ಕೋಲ್ಡ್" ಅಂದ್ರೆ ಚಳಿ ಆಗಿದೆ, ಮೊದಲು ಇರ್ಲಿಲ್ಲ. ನೀವು ಮಾತಾಡೋವಾಗ ಯಾವುದಾದ್ರೂ ಒಂದನ್ನ ಹಿಡ್ಕೊಂಡು ಹೋಗಿ, ಕೇಳೋವಾಗ ಎರಡೂ ಗೊತ್ತಿರ್ಲಿ.